ತಪ್ಪು ಕಣ್ಣಿನ ಪಟ್ಟಿ

ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದ ತಕ್ಷಣ ಸಾಲೊಮೆ ನನ್ನ ಹೆಬ್ಬೆರಳನ್ನು ಕಚ್ಚಿದಳು.

"ಬಿಡೇ ನಿದಿಯಾ, ಮಗೂಗೆ ಭಯ ಆಗತ್ತೆ," ಎಂದಳು ಅಮ್ಮ.

"ನನ್ನ ಬೆರಳಿಗೂ ಭಯ ಆಗ್ತಿದೆ."

"ನಿನ್ನ ಬೆರಳಿಗೆ ಮೂವತ್ತೆಂಟು ವರ್ಷ. ಇವಳಿಗೆ ಐದು."

ಸಾಲೊಮೆ ನನ್ನ ತಂಗಿ ಎಲ್ವೀರಾಳ ಮಗಳು. ಎಡಗಣ್ಣು ಮಂದ. ಅದರಿಂದಲೇ ಗೋಡೆಯ ಮೇಲಿನ ಚಿತ್ರಗಳನ್ನು ಗುರುತಿಸಬೇಕಿತ್ತು. ಮನೆ, ಸೇಬು, ಚೌಕ. ಮೂರನೇ ಸಾಲಿಗೆ ಬಂದದ್ದೇ ಅವಳು ಊಹಿಸತೊಡಗಿದಳು. ನಾಲ್ಕು ತಿಂಗಳ ಹಿಂದೆ, ದಿನಕ್ಕೆರಡು ಗಂಟೆ ಒಂದು ಕಣ್ಣಿಗೆ ಅಂಟುಪಟ್ಟಿ ಹಚ್ಚಿ ಮುಚ್ಚಲು ಡಾಕ್ಟರು ಹೇಳಿದಾಗಲೂ, ಇದೇ ಸಾಲಿನಲ್ಲಿ ನಿಂತಿದ್ದಳು. ಹಾಳೆಯಲ್ಲಿ ಬರೆದುಕೊಂಡೆ. ಬರಾಂಕೀಯಾ ನಗರದ ಈ ಕಣ್ಣಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಾನು ಹನ್ನೊಂದು ವರ್ಷದಿಂದ ಮಾಡುತ್ತಿರುವುದು ಇದನ್ನೇ.

ಅವಳ ಕಣ್ಣು ಯಾಕೆ ಅಲ್ಲೇ ನಿಂತಿದೆ ಎನ್ನುವುದು ಮೂರು ವಾರದಿಂದ ನನಗೆ ಗೊತ್ತಿತ್ತು.

ಮೂರು ವಾರದ ಹಿಂದೆ, ಭಾನುವಾರ, ಅಮ್ಮನ ಮನೆಗೆ ಹೋಗಿದ್ದೆ. ಸಾಲೊಮೆಯ ಎಡಗಣ್ಣಿನ ಸುತ್ತ ಅಂಟಿನ ಕೆಂಪು ಗುರುತು ಮೊಟ್ಟೆಯ ಆಕಾರದಲ್ಲಿ ಎದ್ದಿತ್ತು. ಬಲಗಣ್ಣಿನ ಸುತ್ತ ಏನೂ ಇರಲಿಲ್ಲ. ಪಟ್ಟಿ ಅಂಟಿಸಬೇಕಾದ್ದು ಚೆನ್ನಾಗಿರುವ ಬಲಗಣ್ಣಿಗೆ. ಆಗ ಮಿದುಳು ಬೇರೆ ದಾರಿಯಿಲ್ಲದೆ ಎಡಗಣ್ಣಿನ ಮಾತು ಕೇಳುತ್ತದೆ. ಕಾಯಿಲೆಯ ಕಣ್ಣಿಗೆ ವಿಶ್ರಾಂತಿ ಬೇಕೆಂದು ಅಮ್ಮ ಅದನ್ನೇ ಮುಚ್ಚುತ್ತಿದ್ದಳು. ಅಲ್ಲೇ ಹೇಳಬೇಕಿತ್ತು. ನಾನು ಕರಿದ ಬಾಳೆಕಾಯಿ ತಿಂದು, ಬಸ್ಸು ಹತ್ತಿ ಬಂದುಬಿಟ್ಟೆ.

ಬಾಯಿ ಕಟ್ಟಿಹಾಕಿದ್ದು ಆ ಗುರುತಲ್ಲ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಫೋನ್ ಆಫ್. ಮೊಮ್ಮಗಳ ಜೊತೆ ಮಣಿ ಪೋಣಿಸುತ್ತ, ಪ್ರತಿ ಮಣಿಗೂ ಒಂದು ಹೆಸರಿಡುತ್ತ, ದಿನಕ್ಕೆ ಎರಡು ಗಂಟೆ.

ನನ್ನ ಎಡಗಣ್ಣೂ ಹೀಗೇ ಇತ್ತು. ನನಗೆ ಆರು ವರ್ಷವಿದ್ದಾಗ ಶಾಲೆಯ ನರ್ಸ್ ಚೀಟಿ ಬರೆದುಕೊಟ್ಟಿದ್ದಳು. ಅದೇ ತಿಂಗಳು ಎಲ್ವೀರಾ ಹುಟ್ಟಿದಳು. ಚೀಟಿ ಫ್ರಿಜ್ಜಿನ ಮೇಲೇ ಹಳದಿಯಾಯಿತು. ಹದಿನಾರರಲ್ಲಿ ನಾನೇ ಡಾಕ್ಟರ ಹತ್ತಿರ ಹೋದೆ. ನಿನ್ನ ಕಣ್ಣಿಗೇನಾಗಿಲ್ಲ, ಎಂದರು. ಎಳವೆಯಲ್ಲಿ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ನರದ ಎಳೆಗಳನ್ನು ಹೆಣೆಯುತ್ತದೆ, ಬಳಸಿದ್ದನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಬಳಸದ್ದನ್ನು ಕತ್ತರಿಸಿ ಎಸೆಯುತ್ತದೆ. ಎಡಗಣ್ಣಿನ ಜಾಗವನ್ನು ಬಲಗಣ್ಣು ಆಕ್ರಮಿಸಿದೆ. ಏಳು ವರ್ಷದೊಳಗೆ ಬಂದಿದ್ದರೆ ಚೆನ್ನಾಗಿತ್ತು, ಈಗ ಹೆಚ್ಚೇನೂ ಭರವಸೆಯಿಲ್ಲ. ಇದನ್ನೇ ನಾನು ದಿನಾ ಬೇರೆಯವರ ಅಮ್ಮಂದಿರಿಗೆ ಬಿಡಿಸಿ ಹೇಳುತ್ತೇನೆ.

ಆ ಭಾನುವಾರ ನನಗನ್ನಿಸಿದ್ದು ಇಷ್ಟೇ: ನನಗೆ ಸಿಗದ್ದು ಇವಳಿಗೂ ಸಿಗದಿರಲಿ.

ಡಾಕ್ಟರ್ ರಿಂಕೋನ್ ಒಳಗೆ ಬಂದು ಹಾಳೆ ನೋಡಿದರು. "ಒಂದು ಸಾಲೂ ಮುಂದೆ ಹೋಗಿಲ್ವಲ್ಲ. ಪಟ್ಟಿ ಆರು ಗಂಟೆ ಮಾಡೋಣ. ಬರ್ಕೊಳ್ಳಿ, ನಿದಿಯಾ."

ಅಮ್ಮ ತಲೆಯಾಡಿಸಿದಳು. "ಹತ್ತು ಗಂಟೆ ಅಂದ್ರೂ ಕೂತ್ಕೋತೀನಿ ಡಾಕ್ಟ್ರೇ. ನನಗಿನ್ನೇನು ಕೆಲಸ."

ಆರು ಗಂಟೆ, ಅದೂ ತಪ್ಪು ಕಣ್ಣಿಗೆ. ಉಳಿದ ಎಳೆಗಳೂ ದಿನಾ ಆರು ಗಂಟೆ ಕತ್ತಲಲ್ಲಿ. ಪೆನ್ನು ಹಾಳೆಯ ಮೇಲಿತ್ತು. ಆರು ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ.

"ಅಮ್ಮ ಎಡಗಣ್ಣು ಮುಚ್ತಿದಾರೆ," ಎಂದೆ.

"ಯಾರು ಹೇಳಿದ್ದು?" ಎಂದರು ಡಾಕ್ಟರ್.

"ಅಂಟಿನ ಗುರುತು ನೋಡಿ. ನಾನು ಮೂರು ವಾರದ ಹಿಂದೇನೇ ನೋಡಿದ್ದೆ."

ಡಾಕ್ಟರ್ ಮಗುವಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಎರಡೇ ಗಂಟೆ ಇರ್ಲಿ. ಬಲಗಣ್ಣಿಗೆ. ಇನ್ನೂ ಟೈಮ್ ಇದೆ, ಹೆದರ್ಬೇಡಿ ಅಮ್ಮ. ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ, ನಿದಿಯಾ," ಎಂದು ಹೊರಟರು.

ಅಮ್ಮ ಕುರ್ಚಿಯಿಂದ ಏಳಲಿಲ್ಲ.

"ಮೂರು ವಾರ. ನನ್ನ ಅಡುಗೆಮನೇಲಿ ನಿಂತು ತಿಂದೆ. ಒಂದು ಮಾತು ಹೇಳ್ಲಿಲ್ಲ."

"ಇಲ್ಲ."

"ಮಗು ಏನು ಮಾಡಿತ್ತೇ ನಿನಗೆ?"

"ಏನೂ ಮಾಡಿಲ್ಲ. ನೀನು ಮಣಿ ಪೋಣಿಸ್ತಿದ್ದೆ."

ಅವಳಿಗೆ ಅರ್ಥವಾಗಲಿಕ್ಕೆ ಹೊತ್ತು ಹಿಡಿಯಿತು. ಸಾಲೊಮೆ ನೆಲದ ಮೇಲೆ ನನ್ನ ಪೆನ್ನಿನ ಮುಚ್ಚಳ ಉರುಳಿಸುತ್ತಿದ್ದಳು.

"ಆ ಚೀಟಿ," ಎಂದಳು ಅಮ್ಮ ಕೊನೆಗೆ. "ಎಲ್ವೀರಾಗೆ ಜ್ವರ ಇತ್ತು. ನಾಳೆ ಹೋಗೋಣ ಅಂದ್ಕೊಂಡೆ. ದಿನಾ ನಾಳೆ ಅಂದ್ಕೊಂಡೆ."

ನಾನು ಹಾಳೆಯಲ್ಲಿ ಬಲಗಣ್ಣು, ಎರಡು ಗಂಟೆ ಎಂದು ಬರೆದೆ.

ಅಮ್ಮ ಪೊಟ್ಟಣದಿಂದ ಹೊಸ ಪಟ್ಟಿಯೊಂದನ್ನು ತೆಗೆದು ಹಿಂಬದಿಯ ಕಾಗದ ಬಿಡಿಸಿದಳು. ಎದ್ದು ನನ್ನ ಹತ್ತಿರ ಬಂದಳು.

"ನೀನೂ ಬಾ. ಇವಳ ಪಕ್ಕ ಕೂತ್ಕೋ. ದಿನಾ ಎರಡು ಗಂಟೆ, ನಾನೇ ಹಚ್ತೀನಿ, ನಾನೇ ಕೂತಿರ್ತೀನಿ. ಕಣ್ಣು ಬರದೇ ಇದ್ರೂ ಚಿಂತೆಯಿಲ್ಲ ನಿದಿಯಾ. ಸುಮ್ನೆ ಬಾ."

"ನಾನು ಬರಲ್ಲ. ನನ್ನ ನಾಳೆ ಯಾವತ್ತೋ ಮುಗೀತು," ಎಂದೆ.