ಐದು ನಿಮಿಷದ ಕಪಾಟು

ದಾಂಡೇಲಿಯಿಂದ ಗಣೇಶಗುಡಿಯ ನಮ್ಮ ಶಾಲೆಗೆ ಬೆಳಿಗ್ಗೆ ಇರುವುದು ಒಂದೇ ಬಸ್ಸು. ಅದು ಯಾರಪ್ಪನಿಗೂ ಕಾಯುವುದಿಲ್ಲ. “ಇನ್ನೊಮ್ಮೆ ತಡಾ ಆದ್ರ ನಿಮ್ಮ ದಾಂಡೇಲಿ ವರ್ಗಾವಣೆಗೆ ನಾ ಶಿಫಾರಸು ಮಾಡಂಗಿಲ್ಲ ನೋಡ್ರಿ, ಗೀತಾಬಾಯಿ,” ಎಂದು ಹೆಡ್‌ಮಾಸ್ತರ ಗೂಳಪ್ಪನವರು ಹೇಳಿಬಿಟ್ಟಿದ್ದರು.

ತಡವಾಗುತ್ತಿದ್ದದ್ದು ನಿದ್ದೆಯಿಂದಲ್ಲ, ಮ್ಯಾಚಿಂಗ್‌ನಿಂದ. ಸೀರೆ ಸಿಕ್ಕರೆ ಬ್ಲೌಸ್ ಇಲ್ಲ, ಬ್ಲೌಸ್ ಸಿಕ್ಕರೆ ಆ ಬಣ್ಣದ ಲಂಗ ಒಗೆಯಲು ಹೋಗಿರುತ್ತದೆ. ಕೊನೆಗೆ ಒಂದು ಭಾನುವಾರ ಕಪಾಟನ್ನೆಲ್ಲ ಬರಿದು ಮಾಡಿ, ಹ್ಯಾಂಗರಿಗೊಂದರಂತೆ ಜೋಡಿಸಿದೆ: ಇಸ್ತ್ರಿ ಮಾಡಿದ ಪಾಲಿಯೆಸ್ಟರ್ ಸೀರೆ, ಅದರದೇ ಲಂಗ, ಅದರದೇ ಬ್ಲೌಸ್, ಕೊಕ್ಕೆಗೆ ಕಟ್ಟಿದ ಪುಟ್ಟ ಚೀಲದಲ್ಲಿ ಬಳೆ, ಹಣೆಗೆ ಟಿಕಳಿ, ಪಿನ್ನು. ಒಗೆದದ್ದು ಒಣಗಿದ ಮೇಲೆ ಮತ್ತೆ ಅದೇ ಹ್ಯಾಂಗರಿಗೆ. ಬೆಳಿಗ್ಗೆ ಒಂದನ್ನು ಎಳೆದರೆ ಮುಗಿಯಿತು, ಐದು ನಿಮಿಷದಲ್ಲಿ ಟೀಚರ್ ತಯಾರು. ಉಳಿದ ಸಮಯವನ್ನು ನಾನು ಗೊರಕೆಗೆ ಕೊಟ್ಟೆ.

ಶಿಕ್ಷಣಾಧಿಕಾರಿಗಳು ಶಾಲೆ ನೋಡಲು ಬರುವ ದಿನ, ಎಂದಿನಂತೆ ಕೊನೇ ಗಳಿಗೆಯಲ್ಲಿ ಎದ್ದು ಕಪಾಟು ತೆಗೆದೆ. ಮೇಲಿನ ಹಲಗೆಯಲ್ಲಿ ಸೀರೆಗಳ ಅಟ್ಟಿ, ನಡುವೆ ಬ್ಲೌಸ್‌ಗಳ ಅಟ್ಟಿ, ಕೆಳಗೆ ಲಂಗಗಳು. ಹ್ಯಾಂಗರ್‌ಗಳು ಬೋಳಾಗಿ ತೂಗುತ್ತಿದ್ದವು.

“ಅತ್ತಿ, ಏನ್ ಮಾಡೀರಿ ಇದನ್ನ?”

ಅತ್ತೆ ತುಳಜಾಬಾಯಿ ಚಹಾ ಸೋಸುತ್ತಲೇ ಹೇಳಿದರು, “ನಿನ್ನಿ ಸಂಜೀಕ ನುಸಿ ಗುಳಗಿ ಇಡಾಕ ಕಪಾಟ ತಗದೆ. ಅಂಬಾಬಾಯಿಗೆ ಉಡಿ ತುಂಬಿ ತಂದ ಸೀರಿ, ಅದರ ಮೈಮ್ಯಾಲ ಲಂಗಾ ಜೋತಾಡಾಕತ್ತಿತ್ತು. ದೇವಿ ಸಿಟ್ಟಾಗೂದಿಲ್ಲೇನ? ಎಲ್ಲಾ ಬ್ಯಾರೆ ಬ್ಯಾರೆ ಮಾಡಿ ಇಟ್ಟೇನಿ.”

ದೇವಿಯ ಸಿಟ್ಟು ಹೋಗಲಿ, ನನ್ನ ಸಿಟ್ಟಿಗೆ ಚಹಾದ ಪಾತ್ರೆ ತಾನಾಗಿ ಕುದಿಯಬೇಕಿತ್ತು. ಬಾಯಿ ಮಾಡಲು ಪುರುಸೊತ್ತಿರಲಿಲ್ಲ. ಕೈಗೆ ಬಂದದ್ದನ್ನು ಉಟ್ಟೆ: ನೇರಳೆ ಸೀರೆ, ಅರಿಷಿಣ ಬ್ಲೌಸ್, ನೆರಿಗೆಯ ಕೆಳಗೆ ಇಣುಕುವ ಕೆಂಪು ಲಂಗ. ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ ಓಡಿ ಬಸ್ಸು ಹತ್ತಿದೆ.

ದಿನವಿಡೀ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು ಪಾಠ ಮಾಡಿದೆ. ಮಕ್ಕಳು ನಕ್ಕಾರು, ಸಾಹೇಬರು ಕಣ್ಣರಳಿಸಿಯಾರು ಎಂಬ ಹೆದರಿಕೆ. ಸಾಹೇಬರು ಗುಣಾಕಾರ ಕೇಳಿದರು, ಮಕ್ಕಳು ಹೇಳಿದರು. ಗೂಳಪ್ಪನವರು ಶಿಫಾರಸು ಮಾಡಿದರು, ಸಾಹೇಬರು ಅರ್ಜಿಗೆ ಸಹಿ ಹಾಕಿದರು. ನನ್ನ ಬಣ್ಣಗಳನ್ನು ಮಾತ್ರ ಯಾರೂ ನೋಡಲೇ ಇಲ್ಲ. ಸೆರಗು ಜಾರಿದ್ದಾಗ ಪಕ್ಕದಲ್ಲೇ ಕೂತು ಊಟ ಮಾಡಿದ ಮಹಾದೇವಕ್ಕ ಟೀಚರೂ ಇಲ್ಲ. ಇಷ್ಟು ವರ್ಷ ಯಾರಿಗಾಗಿ ಬಸ್ಸು ತಪ್ಪಿಸಿಕೊಂಡೆ? ವರ್ಗಾವಣೆ ಸಿಕ್ಕಿದ ಖುಷಿಯಲ್ಲೂ ಅಳು ಬಂತು.

ಸಂಜೆ ಮನೆಯ ಹೊಸ್ತಿಲು ದಾಟುವ ಮೊದಲೇ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹಣೆ ಬಡಿದುಕೊಂಡರು.

“ಯವ್ವಾ ಗೀತಾ, ಆ ಸೀರಿಗೆ ಈ ಜಂಪರ ಹಾಕ್ಕೊಂಡ ಹೋಗಿದ್ದೇನ? ಮಂದಿ ಏನ್ ಅಂದ್ರು?”

“ಯಾರೂ ನೋಡ್ಲಿಲ್ರಿ, ಅತ್ತಿ.”

“ಕಣ್ಣಿಲ್ಲೇನ ಅವ್ರಿಗೆ?” ಎಂದು ಅತ್ತೆ ನಿಜವಾಗಿಯೂ ಸಿಟ್ಟಾದರು.