ಹೆಗಲ ಮೇಲೆ ಉಳಿದ ಕೈ

ಫ್ರೇಮಿನ ಅಂಗಡಿಯವನ ಅಕ್ಕ ಅವನ ಫೋನು ಎತ್ತುವುದನ್ನು ನಿಲ್ಲಿಸಿದ್ದಳು. ಎರಡು ಬೀದಿ ಆಚೆ ಅವಳ ಮನೆ. ಬಾಗಿಲಿಗೆ ಹೋದರೆ ಬಾಗಿಲೂ ತೆರೆಯಲಿಲ್ಲ.

ಕಾರಣ ಒಂದು ಹಳೆಯ ಫೋಟೊ. ಅಮ್ಮ ಹಾಸಿಗೆ ಹಿಡಿದ ಮೇಲೆ ಅಕ್ಕ ತಮ್ಮ ಇಬ್ಬರನ್ನೂ ಸಾಕಿದವಳು ಚಿಕ್ಕಮ್ಮ. ಅವಳದೆಂದು ಉಳಿದಿದ್ದ ಚಿತ್ರ ಅದೊಂದೇ. ನಡುವೆ ಅಪ್ಪ, ಪಕ್ಕದಲ್ಲಿ ಎರಡು ಜಡೆಯ ಅಕ್ಕ, ಅಂಚಿನಲ್ಲಿ ಅಕ್ಕನ ಹೆಗಲ ಮೇಲೆ ಕೈಯಿಟ್ಟು ನಿಂತ ಚಿಕ್ಕಮ್ಮ. ಇದಕ್ಕೊಂದು ಫ್ರೇಮು ಹಾಕಿಕೊಡು ಎಂದು ಅಕ್ಕ ತಂದು ಕೊಟ್ಟಿದ್ದಳು.

ಫೋಟೊ ಫ್ರೇಮಿಗಿಂತ ದೊಡ್ಡದಾದರೆ ಅಂಚು ಸವರಿ ಕೂರಿಸುವುದು ಅವನ ಅಂಗಡಿಯ ರೂಢಿ. ಸಾಮಾನ್ಯವಾಗಿ ಹೋಗುವುದು ಒಂದಿಷ್ಟು ಗೋಡೆ, ಪರದೆ, ಕುಂಡದ ಗಿಡ. ಗಿಡ ಎಲ್ಲಿ ಎಂದು ಯಾರೂ ಬಂದು ಕೇಳಿದ್ದಿಲ್ಲ. ಈ ಸಲ ಹೋದದ್ದು ಚಿಕ್ಕಮ್ಮ. ಸವರಿದ ಚೂರು ಕಸದ ಗಾಡಿ ಸೇರಿತು. ಅಕ್ಕ ಮನೆಗೆ ಹೋಗಿ ಸುತ್ತಿದ್ದ ಕಾಗದ ಬಿಚ್ಚಿದಾಗ ಫೋಟೊದಲ್ಲಿ ಅವಳ ಹೆಗಲ ಮೇಲೆ ಕೈ ಇತ್ತು, ಕೈಯ ಹಿಂದೆ ಯಾರೂ ಇರಲಿಲ್ಲ.

ಮೆಸೇಜಾದರೂ ಓದುತ್ತಾಳೇನೋ ಎಂದು ಅವನು ಕೌಂಟರಿನ ಹಿಂದೆ ಫೋನು ಹಿಡಿದು ಕೂತ. ಹೆಂಡತಿ ಹಳೆಯ ಪೇಪರಿನಿಂದ ಗಾಜು ಒರೆಸುತ್ತಿದ್ದಳು.

"ಕೇಳು. 'ಅಕ್ಕಾ, ನಿನಗೆ ಬೇಜಾರಾಗಿದ್ದರೆ ಕ್ಷಮಿಸು.'"

"ಆಗಿದ್ದರೆ ಅಂದ್ರೆ? ಆಗಿದೆಯೋ ಇಲ್ವೋ ಅಂತ ಇನ್ನೂ ಅನುಮಾನವಾ ನಿಮಗೆ?"

ಅವನು ಅಳಿಸಿದ. ಹೊಸದಾಗಿ ಬರೆದು ಓದಿದ. "'ಫೋಟೊ ಕತ್ತರಿಸಿಹೋಗಿದೆ, ಕ್ಷಮೆ ಇರಲಿ.'"

"ತಾನಾಗೇ ನಡ್ಕೊಂಡು ಹೋಗಿ ಬ್ಲೇಡಿನ ಕೆಳಗೆ ಮಲಗ್ತಾ?"

ಅದೂ ಹೋಯಿತು. ಮೂರನೆಯದನ್ನು ಅವನು ಸ್ವಲ್ಪ ಹೆಮ್ಮೆಯಿಂದಲೇ ಓದಿದ. "'ತಪ್ಪು ನನ್ನದೇ. ಆದರೆ ಫ್ರೇಮು ಚಿಕ್ಕದಿತ್ತು. ನನ್ನ ಉದ್ದೇಶ ಒಳ್ಳೆಯದೇ ಇತ್ತು. ನೀನು ದೊಡ್ಡವಳು, ಮರೆತುಬಿಡು.'"

"ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ್ರಿ. 'ಆದರೆ' ಬಂದ್ಮೇಲೆ ತಪ್ಪು ಫ್ರೇಮಿನದಾಯ್ತು. ನಿಮ್ಮ ಉದ್ದೇಶನ ಅವ್ರು ಗೋಡೆಗೆ ನೇತು ಹಾಕ್ಕೊಳ್ಳೋಕಾಗುತ್ತಾ? ಮರೀಬೇಕೋ ಬೇಡ್ವೋ ಅಂತ ನೀವು ಹೇಳೋದಲ್ಲ, ಅದು ಅವ್ರಿಗೆ ಬಿಟ್ಟಿದ್ದು."

"ಮತ್ತೆ ಏನಂತ ಬರೀಲಿ? ಗಮನಿಸಲಿಲ್ಲ ಅಂತ ಬರೀಲಾ?"

ಅವಳು ಗಾಜನ್ನು ಗೋಡೆಗೆ ಒರಗಿಸಿ ಇಟ್ಟಳು. "ಗಮನಿಸಿರ್ಲಿಲ್ವಾ?"

ಅವನು ಬ್ಲೇಡನ್ನು ಅದರ ಪೆಟ್ಟಿಗೆಗೆ ಹಾಕಿದ. ಮತ್ತೆ ತೆಗೆದ. "ಗಮನಿಸಿದ್ದೆ."

"ಹೂಂ."

"ಆ ಅಂಚಿಗೆ ಬೂಷ್ಟು ಹಿಡಿದಿತ್ತು, ಮುಖ ಮಾಸಿತ್ತು. ಅಳತೆಗೆ ಹೊಸ ಫ್ರೇಮು ಮಾಡಿಸ್ಬೇಕು ಅಂದ್ರೆ ಓಡಾಟ. ಹೋಗ್ಲಿ, ಯಾರು ನೋಡ್ತಾರೆ ಅನ್ಕೊಂಡೆ."

"ಅದನ್ನೇ ಬರೀರಿ."

"ಅದನ್ನ ಬರೆದ್ರೆ ಇನ್ನೂ ಉರೀತಾಳೆ ಕಣೇ."

"ಉರೀಬಹುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದ್ರೆ ಉರಿಯಲ್ಲ, ಬಾಗಿಲೂ ತೆಗೆಯಲ್ಲ."

ಅವನು ಬಹಳ ಹೊತ್ತು ಬರೆದ. ನಡುವೆ ಒಬ್ಬ ಗಿರಾಕಿ ಬಂದು ಕನ್ನಡಿ ಕೇಳಿದ, ಇಲ್ಲ ಎನ್ನಿಸಿಕೊಂಡು ಹೋದ. ಅಂಗಡಿಯವನ ಬೆನ್ನ ಹಿಂದೆಯೇ ಕನ್ನಡಿಗಳಿದ್ದವು. ಕೊನೆಗೆ ಹೆಂಡತಿಗೆ ಓದಿ ಹೇಳದೆಯೇ ಕಳಿಸಿದ:

"ಅಕ್ಕಾ, ಚಿಕ್ಕಮ್ಮನನ್ನು ಫೋಟೊದಿಂದ ಕತ್ತರಿಸಿದವನು ನಾನು. ಅಲ್ಲಿ ಅವಳಿರುವುದನ್ನು ಕಂಡೇ ಕತ್ತರಿಸಿದೆ. ಹೊಸ ಫ್ರೇಮು ಮಾಡಿಸಲು ಸೋಮಾರಿತನ ಮಾಡಿ ನಿನ್ನನ್ನೊಂದು ಮಾತೂ ಕೇಳಲಿಲ್ಲ. ಚೂರನ್ನೂ ಎಸೆದೆ, ಅದು ಇನ್ನು ಸಿಗುವುದಿಲ್ಲ. ಅವಳ ಮುಖ ನೋಡಲು ನಿನ್ನ ಹತ್ತಿರ ಇದ್ದದ್ದು ಅದೊಂದೇ, ಅದನ್ನು ನಾನು ಇಲ್ಲದಂತೆ ಮಾಡಿದೆ. ನನ್ನನ್ನು ಕ್ಷಮಿಸು ಎಂದು ಕೇಳುತ್ತಿದ್ದೇನೆ, ಕ್ಷಮಿಸಲೇಬೇಕು ಎಂದಲ್ಲ. ಚಿಕ್ಕಮ್ಮನ ಕಡೆಯ ನೆಂಟರ ಮನೆಗಳಿಗೆಲ್ಲ ಹೋಗಿ ಅವಳ ಬೇರೆ ಫೋಟೊ ಇದೆಯೇ ಎಂದು ಕೇಳುತ್ತೇನೆ. ಸಿಗುತ್ತದೆ ಎಂದು ಮಾತು ಕೊಡಲಾರೆ. ಇನ್ನು ಮೇಲೆ ಕೊಟ್ಟವರನ್ನು ಕೇಳದೆ ಯಾರ ಫೋಟೊಗೂ ಬ್ಲೇಡು ಹಾಕುವುದಿಲ್ಲ."

ಸಂಜೆಯವರೆಗೆ ಉತ್ತರವಿಲ್ಲ. ಅವನು ಒಂದೇ ಫ್ರೇಮಿಗೆ ಎರಡು ಸಲ ಮೊಳೆ ಹೊಡೆದ. ಶಟರು ಎಳೆಯುವ ಹೊತ್ತಿಗೆ ಫೋನು ಸದ್ದು ಮಾಡಿತು.

"ಓದಿದೆ. ಅವಳ ಮುಖ ಮಾಸಿತ್ತು ಎಂದು ನೆಪ ಬರೆಯುತ್ತೀಯೇನೋ ಎಂದುಕೊಂಡಿದ್ದೆ, ಬರೆಯಲಿಲ್ಲ. ಸಿಟ್ಟು ಹೋಗಿಲ್ಲ. ಭಾನುವಾರ ಬಾ. ಊಟ ಮಾಡಿಕೊಂಡೇ ಬಾ."

"ಏನಂತೆ?" ಎಂದಳು ಹೆಂಡತಿ.

"ಬರೋಕೆ ಹೇಳಿದ್ದಾಳೆ. ಊಟ ಇಲ್ವಂತೆ."

"ಸರಿಯಾಗೇ ಇದೆ."

ಮುಖ ನಿಜಕ್ಕೂ ಸ್ವಲ್ಪ ಮಾಸಿತ್ತು ಅಕ್ಕಾ ಎಂದು ಅವನು ಟೈಪು ಮಾಡತೊಡಗಿದ. ಅರ್ಧಕ್ಕೆ ನಿಂತ. ಹೆಂಡತಿಯ ಕಡೆ ನೋಡಿದ. ಅವಳು ಬೀಗದ ಕೈ ಹುಡುಕುತ್ತಿದ್ದಳು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿ, "ಬರ್ತೀನಿ" ಎಂದಷ್ಟೇ ಕಳಿಸಿದ.