ಉಜ್ಜಿನಪ್ಪನ ಕಾರ್ಡಿನ ಅಕ್ಷರ

ರಾಯದುರ್ಗದ ಬಸ್‌ಸ್ಟ್ಯಾಂಡಿನ ಎದುರು ಪಾಪಣ್ಣನ ಡಿಟಿಪಿ ಅಂಗಡಿ. ನಾಗಲಕ್ಷ್ಮಿ ಪೆನ್‌ಡ್ರೈವ್ ಹಿಡಿದು ಬಂದಾಗ ಅವನು ತನ್ನ ಕಡೆಗಿದ್ದ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ.

ಅಮರಾಪುರದ ಹೆಣ್ಣು. ಗಂಡ ಉಜ್ಜಿನಪ್ಪ ಇಲ್ಲಿ ಆರು ಮೆಷಿನ್ನು ಹಾಕಿ ಜೀನ್ಸ್ ಹೊಲಿಸುತ್ತಿದ್ದ. ಅವನು ತೀರಿಕೊಂಡು ಎಂಟು ತಿಂಗಳು. ಬಳ್ಳಾರಿಯ ಸೇಟು ಕತ್ತರಿಸಿದ ಬಟ್ಟೆಯನ್ನು ಅಂದು ಸಂಜೆ ನಾಲ್ಕಕ್ಕೆ, ಘಟಕದ ವಿಸಿಟಿಂಗ್ ಕಾರ್ಡು ತೋರಿಸಿದವರಿಗೆ ಹೊಲಿಯಲು ಹಂಚುವವನಿದ್ದ. ಯಾರೋ ಇನ್ನೊಬ್ಬರ ಘಟಕದ ಹೆಸರಲ್ಲಿ ಕಾರ್ಡು ಮಾಡಿಸಿಕೊಂಡು ಬಟ್ಟೆಯೊಂದಿಗೆ ಮಾಯವಾದ ಮೇಲೆ, ಅಲ್ಲಿನ ಗುಮಾಸ್ತ ತನ್ನ ಪುಸ್ತಕದಲ್ಲಿದ್ದ ಹಳೆಯ ಕಾರ್ಡಿನ ಪಕ್ಕ ಹೊಸದನ್ನು ಇಟ್ಟು ನೋಡುತ್ತಿದ್ದ. ಅವಳಿಗೆ ಗಂಡನ ಕಾರ್ಡೇ ಹಾಗೆಯೇ ಬೇಕಿತ್ತು, ಅವನ ಹೆಸರಿನ ಜಾಗದಲ್ಲಿ ಮಾತ್ರ ತನ್ನದು.

ಪಾಪಣ್ಣ ಪೆನ್‌ಡ್ರೈವಿನಲ್ಲಿದ್ದ ಕಾರ್ಡಿನ ಫೈಲನ್ನು ಇಲ್ಲಸ್ಟ್ರೇಟರ್‌ನಲ್ಲಿ ತೆರೆದು ಹೆಸರಿನ ಮೇಲೆ ಟೈಪ್ ಟೂಲ್ ಒತ್ತಿದ. ಅಕ್ಷರಗಳೊಳಗೆ ಕರ್ಸರ್ ಇಳಿಯಲಿಲ್ಲ. ಬಾಣದ ಗುರುತಿನಿಂದ ಆರಿಸಿದಾಗ ಪ್ರತಿ ಅಕ್ಷರದ ಅಂಚಿನ ಸುತ್ತ ಚಿಕ್ಕ ಚುಕ್ಕೆಗಳು ಎದ್ದವು.

"ಇವು ಅಕ್ಷರ ಅಲ್ರಿ ಅಕ್ಕಾರ, ಬರೇ ಆಕಾರ."

ಹಾಗೆ ಮಾಡಿದ್ದು ತಾನೇ ಎಂದು ಒಪ್ಪಿಕೊಂಡ. ಕಾರ್ಡು ಅಚ್ಚಾದ ಬಳ್ಳಾರಿಯ ಪ್ರೆಸ್ಸಿನಲ್ಲಿ ಆ ಫಾಂಟ್ ಇಲ್ಲದೆ ಅಕ್ಷರ ಕೆಡಬಾರದೆಂದು ಎಲ್ಲ ಅಕ್ಷರಗಳನ್ನೂ ಔಟ್‌ಲೈನ್ ಮಾಡಿ, ಅಂದರೆ ಬರೀ ಗೆರೆಗಳ ಚಿತ್ರವಾಗಿಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿದ್ದ. ಬೇರೆ ಪ್ರತಿ ಇಟ್ಟಿರಲಿಲ್ಲ. ಹಳೆಯ ಕಂಪ್ಯೂಟರ್ ಕೆಟ್ಟಾಗ ಫಾಂಟೂ ಹೋಯಿತು. ಔಟ್‌ಲೈನ್ ಆದ ಮೇಲೆ ಫೈಲಿನಲ್ಲಿ ಫಾಂಟಿನ ಹೆಸರೂ ಉಳಿದಿರಲಿಲ್ಲ, ಅವನಿಗೂ ನೆನಪಿರಲಿಲ್ಲ.

ಅವನು ಕೈಬಿಡಲಿಲ್ಲ. 'ಉಜ್ಜಿನಪ್ಪ'ದಿಂದ ನ ತೆಗೆದ. 'ರಾಯದುರ್ಗ'ದಿಂದ ಗ, 'ಕೆಲಸ'ದಿಂದ ಲ. ವಿಳಾಸದ ಸಣ್ಣ ಅಕ್ಷರಗಳನ್ನು ದೊಡ್ಡದು ಮಾಡಿ ಕೂಡಿಸಿದ. 'ರಾ'ದ ದೀರ್ಘವನ್ನು ಕತ್ತರಿಸಿ ನ ಪಕ್ಕಕ್ಕೆ ಅಂಟಿಸಿದ. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಕ್ಷ್ಮಿ ಎಲ್ಲೂ ಇಲ್ರೀ."

"ನನ್ನೆಸ್ರು ನಾಗಮ್ಮ ಅಂತ ಇಟ್ಟಿದ್ರೆ ಆಗ್ತಿತ್ತೇನಣ್ಣ?"

ಅವನು ನಗಲು ನೋಡಿದ. 'ಮ್ಮ'ವೂ ಕಾರ್ಡಿನಲ್ಲಿರಲಿಲ್ಲ.

ಕೊನೆಗೆ ತನ್ನಲ್ಲಿದ್ದ ಫಾಂಟುಗಳಲ್ಲಿ ಹತ್ತಿರದ್ದರಲ್ಲಿ ಅವಳ ಪೂರ್ತಿ ಹೆಸರು ಟೈಪು ಮಾಡಿ, ದಪ್ಪ ಕಾಗದದ ಮೇಲೆ ಮುದ್ರಿಸಿ, ಅಂಚನ್ನು ತಾನೇ ಸಮವಾಗಿ ಕತ್ತರಿಸಿಕೊಟ್ಟ.

ಬಳ್ಳಾರಿಯಲ್ಲಿ ಗುಮಾಸ್ತ ದೊಡ್ಡಬಸಪ್ಪ ಅವಳಿಗೆ ಕುರ್ಚಿ ಸರಿಸಿ, ಕುಡಿಯಲು ನೀರು ಕೊಟ್ಟು, ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟ. ಹೆಸರಿನ ಮೇಲೆ ಅವನ ಉಗುರು ನಿಂತಿತು.

"ಹೆಸರಿನ ಅಕ್ಷರ ಬ್ಯಾರೆ ಐತ್ರಿ."

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿದ.

"ನಾನು ನಂಬ್ತೀನ್ರಿ. ಸೇಟು ನಂಬಂಗಿಲ್ಲ."

ಹೊಸ ಕಾರ್ಡನ್ನು ಎರಡೂ ಕೈಯಿಂದ ಹಿಂದಿರುಗಿಸಿದ. ಹಳೆಯದನ್ನು ಮತ್ತೆ ಪುಸ್ತಕಕ್ಕೆ ಚುಚ್ಚಿಟ್ಟ. ಉಜ್ಜಿನಪ್ಪನ ಹೆಸರು ಅಲ್ಲಿ ತನ್ನ ಅಕ್ಷರದಲ್ಲೇ ಉಳಿಯಿತು. ಬಟ್ಟೆ ತುಂಬಲು ಮನೆಯಿಂದ ತಂದಿದ್ದ ಖಾಲಿ ಚೀಲಗಳನ್ನು ನಾಗಲಕ್ಷ್ಮಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.